ಅಕೌಂಟ್ಸ್ ಕೆಲಸದ ಜಾಹೀರಾತು: ಫ್ರೆಶರ್‌ಗೆ ಬೇಕೇಬೇಕಾದದ್ದು ಯಾವುದು, ಕಂಪನಿ ಆಸೆಪಟ್ಟು ಬರೆದದ್ದು ಯಾವುದು

ಬಿ.ಕಾಂ ಮುಗಿಸಿ ಕೆಲಸ ಹುಡುಕುವವರು ಜಾಹೀರಾತು ತೆರೆದ ತಕ್ಷಣ ನೋಡುವುದು 'ಬೇಕಾದ ಕೌಶಲಗಳು' ಅನ್ನುವ ಪಟ್ಟಿಯನ್ನು. ಟ್ಯಾಲಿ ಗೊತ್ತು, ಎಕ್ಸೆಲ್ ಅಷ್ಟಿಷ್ಟು ಗೊತ್ತು. ಸ್ಯಾಪ್ ಮುಟ್ಟಿಯೇ ಇಲ್ಲ, ಪವರ್ ಬಿಐ ಹೆಸರು ಕೇಳಿದ್ದಷ್ಟೇ. 'ಇದು ನಮಗಲ್ಲ ಬಿಡು' ಅಂತ ಮುಂದಿನ ಜಾಹೀರಾತಿಗೆ ಹೋಗುತ್ತಾರೆ. ಅಲ್ಲೂ ಅದೇ ಕಥೆ. ಇನ್ನು ಕೆಲವರು ಏನನ್ನೂ ಓದದೆ ಕಂಡಕಂಡ ಕಡೆ ಅರ್ಜಿ ಹಾಕುತ್ತಾರೆ. ಒಂದು ಫೋನೂ ಬರುವುದಿಲ್ಲ. ಇಬ್ಬರಿಗೂ ಆಗಿರುವ ತೊಂದರೆ ಒಂದೇ. ಪಟ್ಟಿಯ ಎಲ್ಲ ಸಾಲಿಗೂ ಒಂದೇ ತೂಕ ಅಂದುಕೊಂಡಿದ್ದಾರೆ.

ಒಂದು ಮಾದರಿ ಇಟ್ಟುಕೊಂಡು ನೋಡೋಣ. ಇದು ಯಾವುದೋ ಒಂದು ಕಂಪನಿಯದ್ದಲ್ಲ. ಇಂಥ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಬರುವ ಸಾಲುಗಳನ್ನು ಸೇರಿಸಿ ಬರೆದದ್ದು. ಪೀಣ್ಯದಲ್ಲಿ ಮಷಿನ್ ಬಿಡಿಭಾಗ ಮಾಡುವ, ಅರವತ್ತು ಜನ ಇರುವ ಕಾರ್ಖಾನೆ ಅಂದುಕೊಳ್ಳಿ. ಹುದ್ದೆ ಜೂನಿಯರ್ ಅಕೌಂಟೆಂಟ್. ಅನುಭವ 0–2 ವರ್ಷ. ಸಂಬಳ ವರ್ಷಕ್ಕೆ ₹2.4 ಲಕ್ಷ.

ಬೇಕಾದ ಕೌಶಲಗಳು
- ಬಿ.ಕಾಂ / ಎಂ.ಕಾಂ / ಸಿಎ ಇಂಟರ್
- ಮ್ಯಾನುಫ್ಯಾಕ್ಚರಿಂಗ್ ಕಂಪನಿಯಲ್ಲಿ ಕನಿಷ್ಠ 1 ವರ್ಷದ ಅನುಭವ
- ಟ್ಯಾಲಿ ಪ್ರೈಮ್‌ನಲ್ಲಿ ಕೈಪಳಗಿರಬೇಕು
- ಸ್ಯಾಪ್ / ಒರಾಕಲ್ / ಯಾವುದಾದರೂ ಇಆರ್‌ಪಿ
- ಅಡ್ವಾನ್ಸ್ಡ್ ಎಕ್ಸೆಲ್ (ವಿ-ಲುಕಪ್, ಪಿವಟ್, ಮ್ಯಾಕ್ರೊ), ಪವರ್ ಬಿಐ
- ಜಿಎಸ್‌ಟಿ, ಟಿಡಿಎಸ್, ಪಿಎಫ್, ಇಎಸ್‌ಐ ತಿಳಿದಿರಬೇಕು
- ಬ್ಯಾಲೆನ್ಸ್ ಶೀಟ್ ಫೈನಲೈಸೇಶನ್
- ಉತ್ತಮ ಇಂಗ್ಲಿಷ್, ಕನ್ನಡ, ಹಿಂದಿ
- ಸ್ವಂತ ಟೂ ವೀಲರ್, ಲೈಸೆನ್ಸ್
- ತಕ್ಷಣ ಸೇರಬೇಕು

ಕೆಲಸದ ವಿವರ
- ದಿನದ ಖರೀದಿ, ಮಾರಾಟ, ಪಾವತಿ ವೋಚರ್‌ಗಳನ್ನು ಟ್ಯಾಲಿಯಲ್ಲಿ ಹಾಕುವುದು
- ಇನ್‌ವಾಯ್ಸ್, ಇ-ವೇ ಬಿಲ್ ಮಾಡುವುದು
- ತಿಂಗಳಿಗೊಮ್ಮೆ ಬ್ಯಾಂಕ್ ರಿಕನ್ಸಿಲಿಯೇಶನ್
- ಜಿಎಸ್‌ಟಿ ರಿಟರ್ನ್‌ಗೆ ಮಾಹಿತಿ ಸಿದ್ಧಮಾಡಿ ಆಡಿಟರ್‌ಗೆ ನೆರವಾಗುವುದು
- ಬಾಕಿ ವಸೂಲಿಗೆ ಗ್ರಾಹಕರಿಗೆ ಫೋನ್ ಮಾಡುವುದು
- ಬ್ಯಾಂಕ್ ಮತ್ತು ಆಡಿಟರ್ ಆಫೀಸಿಗೆ ಓಡಾಟ

ಪಟ್ಟಿ ಇಷ್ಟು ಉದ್ದ ಆಗುವುದು ಯಾಕೆ ಅಂತ ಮೊದಲು ತಿಳಿದರೆ ಮುಂದಿನದು ಸುಲಭ. ಜಾಹೀರಾತನ್ನು ಒಬ್ಬರೇ ಕೂತು ಯೋಚಿಸಿ ಬರೆಯುವುದು ಕಡಿಮೆ. ಅಕೌಂಟ್ಸ್ ಮ್ಯಾನೇಜರ್ 'ಎಂಟ್ರಿಗೆ, ಬಿಲ್ಲಿಂಗ್‌ಗೆ ಒಬ್ಬರು ಬೇಕು' ಅಂತಾರೆ. ಎಚ್‌ಆರ್ ಹಳೆಯ ಜಾಹೀರಾತೊಂದನ್ನು ತೆಗೆದು ಹೆಸರು, ತಾರೀಕು ಬದಲಾಯಿಸುತ್ತಾರೆ. ಆ ಹಳೆಯದು ಸೀನಿಯರ್ ಹುದ್ದೆಗೆ ಬರೆದದ್ದೂ ಆಗಿರಬಹುದು. ಇನ್ನೊಂದು ಕಾರಣ ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ. ಕೆಲಸ ಬಿಟ್ಟು ಹೋದವರು ನಾಲ್ಕೈದು ವರ್ಷದಲ್ಲಿ ಒಂದೊಂದಾಗಿ ಕಲಿತದ್ದನ್ನೆಲ್ಲ, ಹೊಸಬರು ಬರುವಾಗಲೇ ತಂದಿರಬೇಕು ಅನ್ನುವ ಹಾಗೆ ಪಟ್ಟಿ ಮಾಡಿರುತ್ತಾರೆ. ಅವರೂ ಸೇರಿದ ದಿನ ಇದೆಲ್ಲ ಗೊತ್ತಿದ್ದವರಲ್ಲ.

ಮೊದಲು ಬಾಗಿಲಿನ ಸಾಲುಗಳನ್ನು ಬೇರೆ ಮಾಡಿ

ಕೆಲವು ಸಾಲುಗಳು ಕೌಶಲವೇ ಅಲ್ಲ, ಒಳಗೆ ಬಿಡುವ ಷರತ್ತು. ಡಿಗ್ರಿ, ಪಾಸಾದ ವರ್ಷ, ಶೇಕಡಾವಾರು ಅಂಕ, ಬ್ಯಾಕ್‌ಲಾಗ್ ಇರಬಾರದು ಅನ್ನುವುದು, ಕೆಲಸದ ಜಾಗ, ಸೇರುವ ದಿನ. ಇವಕ್ಕೆ ಉತ್ತರ ಹೌದು ಅಥವಾ ಇಲ್ಲ, ಎರಡೇ. ದೊಡ್ಡ ಕಂಪನಿಗಳು ಒಟ್ಟಿಗೆ ನೂರಾರು ಫ್ರೆಶರ್‌ಗಳನ್ನು ತೆಗೆದುಕೊಳ್ಳುವಾಗ '10ನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ 60%' ಅಂತ ಹಾಕಿದ್ದರೆ ಅದನ್ನು ಸಾಮಾನ್ಯವಾಗಿ ಸಡಿಲಿಸುವುದಿಲ್ಲ. 58% ಇದ್ದು ಟ್ಯಾಲಿ ಎಷ್ಟು ಚೆನ್ನಾಗಿ ಬಂದರೂ ಅರ್ಜಿ ಮನುಷ್ಯರ ಕಣ್ಣಿಗೇ ಬೀಳದೆ ಹೋಗಬಹುದು.

ಬಾಗಿಲಿನ ಸಾಲು ಯಾವುದು ಅಂತ ಗುರುತಿಸಲು ಒಳ್ಳೆಯ ಜಾಗ ಅರ್ಜಿ ಫಾರ್ಮ್. ನೌಕ್ರಿ, ಲಿಂಕ್ಡ್‌ಇನ್‌ನಂಥ ಕಡೆ ಅರ್ಜಿ ಹಾಕುವಾಗ ಕಂಪನಿ ಮೂರು ನಾಲ್ಕು ಪ್ರಶ್ನೆ ಕೇಳುತ್ತದೆ. 'ಟ್ಯಾಲಿಯಲ್ಲಿ ಎಷ್ಟು ವರ್ಷ?', 'ಪೀಣ್ಯಕ್ಕೆ ದಿನಾ ಬರಲು ಆಗುತ್ತಾ?', 'ಟೂ ವೀಲರ್ ಇದೆಯಾ?' ಲಿಂಕ್ಡ್‌ಇನ್‌ನಲ್ಲಿ ಇಂಥ ಪ್ರಶ್ನೆಯನ್ನು ಕಡ್ಡಾಯ ಅಂತ ಗುರುತು ಮಾಡಿ, ತಪ್ಪು ಉತ್ತರ ಕೊಟ್ಟವರನ್ನು ತಾನಾಗಿಯೇ ಬದಿಗಿಡುವ ಸೌಲಭ್ಯವೂ ಕಂಪನಿಗೆ ಇದೆ. ಹಾಗಾಗಿ ಜಾಹೀರಾತಿನಲ್ಲಿ ಹತ್ತು ಸಾಲು ಇದ್ದು ಫಾರ್ಮ್‌ನಲ್ಲಿ ಮೂರನ್ನೇ ಕೇಳಿದ್ದರೆ, ಅವರ ಮನಸ್ಸಿನಲ್ಲಿ ಇರುವುದು ಬಹುಮಟ್ಟಿಗೆ ಆ ಮೂರೇ. ನೌಕ್ರಿಯಲ್ಲಿ ಇನ್ನೊಂದು ಸುಳಿವೂ ಸಿಗುತ್ತದೆ. ಕೆಳಗಿನ ಕೀ ಸ್ಕಿಲ್ಸ್ ಪಟ್ಟಿಯಲ್ಲಿ ಕೆಲವಕ್ಕೆ ನಕ್ಷತ್ರದ ಗುರುತು ಇರುತ್ತದೆ. ಅವು ಕಂಪನಿ ಹೆಚ್ಚು ಒತ್ತು ಕೊಟ್ಟವು.

ನಮ್ಮ ಮಾದರಿಯಲ್ಲಿ ಬಿ.ಕಾಂ ಮತ್ತು ತಕ್ಷಣ ಸೇರುವುದು ಬಾಗಿಲಿನ ಸಾಲು. ಸಿಎ ಇಂಟರ್ ಅಲ್ಲ. ಮಧ್ಯೆ ಓರೆಗೆರೆ ಇದೆಯಲ್ಲ, ಅದರರ್ಥ ಮೂರರಲ್ಲಿ ಒಂದು ಇದ್ದರೆ ಸಾಕು. ಸಂಬಳವನ್ನೂ ನೋಡಿ. ತಿಂಗಳಿಗೆ ₹20,000 ಕೊಡುವ ಕಂಪನಿ ಸಿಎ ಇಂಟರ್ ಆದವರು ಬಂದರೆ ಬರಲಿ ಅಂತ ಬರೆದಿದೆ, ಅವರಿಗಾಗಿಯೇ ಕಾಯುತ್ತಾ ಕೂತಿಲ್ಲ. ಒಂದು ವರ್ಷದ ಅನುಭವ ಅನ್ನುವ ಸಾಲೂ ಮೇಲಿನ '0–2 ವರ್ಷ' ಜೊತೆ ಹೊಂದುವುದಿಲ್ಲ. ಹೀಗೆ ಎರಡು ಕಡೆ ಎರಡು ಥರ ಇದ್ದರೆ ಸೊನ್ನೆಯಿಂದ ಶುರುವಾಗುವುದನ್ನು ನಂಬಿ ಅರ್ಜಿ ಹಾಕಿ. ಸೊನ್ನೆ ಅಂತ ಅವರೇ ಬರೆದಿದ್ದಾರೆ.

ಕೆಲಸದ ವಿವರದಿಂದ ಹಿಂದಕ್ಕೆ ಓದಿ

ಮುಖ್ಯವಾದ ಹೆಜ್ಜೆ ಇದು. ಕೌಶಲದ ಪಟ್ಟಿಯನ್ನು ಮುಚ್ಚಿಡಿ. ಕೆಲಸದ ವಿವರವನ್ನಷ್ಟೇ ಓದಿ. ಒಂದೊಂದು ಕೆಲಸಕ್ಕೂ ಏನೇನು ಗೊತ್ತಿರಬೇಕು ಅಂತ ಪಕ್ಕದಲ್ಲಿ ಬರೆಯಿರಿ. ಆಮೇಲೆ ಕೌಶಲದ ಪಟ್ಟಿ ತೆರೆದು ಜೋಡಿ ಹಾಕಿ. ಜೋಡಿ ಸಿಕ್ಕ ಕೌಶಲ ಬೇಕಾದದ್ದು. ಯಾವ ಕೆಲಸಕ್ಕೂ ಅಂಟದೆ ಉಳಿದದ್ದು ಆಸೆಯ ಪಟ್ಟಿಗೆ.

ಸ್ಯಾಪ್ ತೆಗೆದುಕೊಳ್ಳಿ. ಕೆಲಸದ ವಿವರದಲ್ಲಿ 'ಟ್ಯಾಲಿಯಲ್ಲಿ ಹಾಕುವುದು' ಅಂತ ಸ್ಪಷ್ಟವಾಗಿದೆ. ಒಂದೇ ಲೆಕ್ಕವನ್ನು ಎರಡು ಸಾಫ್ಟ್‌ವೇರ್‌ನಲ್ಲಿ ಯಾರೂ ಬರೆಯುವುದಿಲ್ಲ. ಅಂದರೆ ಸ್ಯಾಪ್‌ಗೆ ಇಲ್ಲಿ ಕೆಲಸವಿಲ್ಲ. ಪವರ್ ಬಿಐಗೂ ಇಲ್ಲ. ಬ್ಯಾಲೆನ್ಸ್ ಶೀಟ್ ಫೈನಲೈಸೇಶನ್ ವರ್ಷದ ಕೊನೆಯ ಕೆಲಸ. ಅದನ್ನು ಮ್ಯಾನೇಜರ್, ಆಡಿಟರ್ ಸೇರಿ ಮಾಡುತ್ತಾರೆ. ಹೊಸಬರ ಪಾಲಿಗೆ ಬರುವುದು ಬಿಲ್ ಹುಡುಕಿ ಕೊಡುವುದು, ಲೆಡ್ಜರ್ ಪ್ರಿಂಟ್ ತೆಗೆಯುವುದು.

ಈಗ ಟೂ ವೀಲರ್ ನೋಡಿ. ನೋಡಿದರೆ ಸುಮ್ನೆ ಸೇರಿಸಿದ ಸಾಲಿನ ಹಾಗೆ ಕಾಣುತ್ತದೆ, ಎಷ್ಟೋ ಜನ ಓದುವುದೇ ಇಲ್ಲ. ಆದರೆ 'ಬ್ಯಾಂಕ್ ಮತ್ತು ಆಡಿಟರ್ ಆಫೀಸಿಗೆ ಓಡಾಟ' ಅನ್ನುವ ಕೆಲಸಕ್ಕೆ ನೇರವಾಗಿ ಜೋಡಿಯಾಗುತ್ತದೆ. ಪೀಣ್ಯದ ಒಳಗಿನ ಕಾರ್ಖಾನೆಯಿಂದ ಬ್ಯಾಂಕಿಗೆ ವಾರದಲ್ಲಿ ನಾಲ್ಕು ಸಲ ಬಸ್ಸಿನಲ್ಲಿ ಹೋಗಿ ಬರುವುದು ಸುಲಭವಲ್ಲ. ಸ್ಯಾಪ್ ಬರದ ನಿಮ್ಮನ್ನು ಅವರು ತೆಗೆದುಕೊಳ್ಳಬಹುದು, ಗಾಡಿ ಇಲ್ಲದ ಸ್ಯಾಪ್ ಪರಿಣತರನ್ನು ಬಿಡಬಹುದು. ಭಾಷೆಯೂ ಹಾಗೆಯೇ. ಬಾಕಿ ವಸೂಲಿಗೆ ಫೋನ್ ಮಾಡಬೇಕು ಅಂದ ಮೇಲೆ ಗ್ರಾಹಕರು ಎಲ್ಲಿಯವರು ಅನ್ನುವುದರ ಮೇಲೆ ಹಿಂದಿ ಬೇಕೋ ಬೇಡವೋ ನಿಂತಿದೆ. ಇದನ್ನು ಕೇಳಿಯೇ ತಿಳಿಯಬೇಕು.

ಕ್ರಿಯಾಪದವನ್ನೂ ಗಮನಿಸಿ. 'ಮಾಡುವುದು', 'ಫೈಲ್ ಮಾಡುವುದು' ಅಂದರೆ ಹೊಣೆ ನಿಮ್ಮದು. 'ನೆರವಾಗುವುದು', 'ತಿಳಿದಿರಬೇಕು', 'ಪರಿಚಯವಿದ್ದರೆ ಒಳ್ಳೆಯದು' ಅಂದರೆ ಪಕ್ಕದಲ್ಲಿ ಇನ್ನೊಬ್ಬರು ಇರುತ್ತಾರೆ. ಇಂಗ್ಲಿಷ್ ಜಾಹೀರಾತಿನಲ್ಲಿ ಮಸ್ಟ್ ಹ್ಯಾವ್, ಮ್ಯಾಂಡೇಟರಿ ಒಂದು ಕಡೆ. ಪ್ರಿಫರ್ಡ್, ಗುಡ್ ಟು ಹ್ಯಾವ್, ಎಕ್ಸ್‌ಪೋಶರ್ ಟು, ಫೆಮಿಲಿಯಾರಿಟಿ ವಿತ್ ಇನ್ನೊಂದು ಕಡೆ. ಇದನ್ನು ಪೂರ್ತಿ ನಂಬಬೇಡಿ ಮಾತ್ರ. ಎಷ್ಟೋ ಜಾಹೀರಾತುಗಳಲ್ಲಿ ಎಲ್ಲವನ್ನೂ ಮ್ಯಾಂಡೇಟರಿ ಕೆಳಗೇ ತುಂಬಿರುತ್ತಾರೆ. ಆಗ ಕೆಲಸದ ವಿವರದ ಜೊತೆ ಜೋಡಿ ಹಾಕುವುದೇ ಹೆಚ್ಚು ಭರವಸೆಯ ದಾರಿ.

ಒಂದೇ ಸಾಲಿನೊಳಗೂ ಎರಡು ಭಾಗ ಇರುತ್ತದೆ

'ಅಡ್ವಾನ್ಸ್ಡ್ ಎಕ್ಸೆಲ್' ಅನ್ನುವ ಸಾಲನ್ನು ಹಾಗೇ ಎತ್ತಿ ಒಂದು ಕಡೆ ಹಾಕಿದರೆ ಎಡವುತ್ತೀರಿ. ಇದಕ್ಕೆ ತಿಂಗಳ ಲೆಕ್ಕಾಚಾರ ಗೊತ್ತಿರಬೇಕು.

ಅಕೌಂಟ್ಸ್ ಕೆಲಸ ತಾರೀಕಿನ ಮೇಲೆ ನಡೆಯುತ್ತದೆ. 7ಕ್ಕೆ ಟಿಡಿಎಸ್ ಕಟ್ಟಬೇಕು. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕಂಪನಿ 11ರೊಳಗೆ ಜಿಎಸ್‌ಟಿಆರ್-1 ಸಲ್ಲಿಸಬೇಕು, ಅಂದರೆ ಹಿಂದಿನ ತಿಂಗಳ ಮಾರಾಟದ ವಿವರ. 14ಕ್ಕೆ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ. ನಮಗೆ ಮಾಲು ಕೊಟ್ಟವರು ತಮ್ಮ ಮಾರಾಟ ತೋರಿಸಿದ್ದಾರಾ ಅನ್ನುವುದು ಅದರಲ್ಲಿರುತ್ತದೆ. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿಆರ್-3ಬಿ ಹಾಕಿ ತೆರಿಗೆ ಕಟ್ಟಬೇಕು. ವರ್ಷದ ವಹಿವಾಟು ₹5 ಕೋಟಿ ಮೀರಿದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆಯ್ಕೆ ಇಲ್ಲ. ಅರವತ್ತು ಜನರ ಕಾರ್ಖಾನೆ ಸಾಮಾನ್ಯವಾಗಿ ಆ ಮಟ್ಟ ದಾಟಿರುತ್ತದೆ.

ಈಗ ಜಾಹೀರಾತಿನ 'ಜಿಎಸ್‌ಟಿ ರಿಟರ್ನ್‌ಗೆ ಮಾಹಿತಿ ಸಿದ್ಧಮಾಡಿ' ಅನ್ನುವ ಸಾಲಿಗೆ ಬನ್ನಿ. 14ರಿಂದ 20ರವರೆಗೆ ಆ ಸೀಟಿನಲ್ಲಿ ಕೂತವರ ಕೆಲಸ ಖರೀದಿ ರಿಜಿಸ್ಟರನ್ನು 2ಬಿ ಜೊತೆ ತಾಳೆ ನೋಡುವುದು. ಟ್ಯಾಲಿಯಿಂದ ಖರೀದಿ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸುತ್ತಾರೆ. ಪೋರ್ಟಲ್‌ನಿಂದ ಇಳಿಸಿದ್ದನ್ನು ಇನ್ನೊಂದು ಶೀಟಿನಲ್ಲಿ ಇಡುತ್ತಾರೆ. ಎರಡರಲ್ಲೂ ಎ ಕಾಲಂನಲ್ಲಿ ಮಾರಾಟಗಾರರ ಜಿಎಸ್‌ಟಿ ನಂಬರ್ ಮತ್ತು ಬಿಲ್ ನಂಬರ್ ಅಂಟಿಸಿ ಒಂದು ಗುರುತು ಮಾಡುತ್ತಾರೆ. 2ಬಿ ಶೀಟಿನ ಡಿ ಕಾಲಂನಲ್ಲಿ ತೆರಿಗೆ ಮೊತ್ತ ಇದೆ ಅಂದುಕೊಂಡರೆ ಸೂತ್ರ ಇಷ್ಟೇ:

```
=VLOOKUP(A2,'2B'!A:D,4,FALSE)
```

ಮೊತ್ತ ಬಂದರೆ ನಮ್ಮ ಪುಸ್ತಕದ ಮೊತ್ತಕ್ಕೆ ಹೋಲಿಸಿ ನೋಡಬೇಕು. `#N/A` ಬಂದರೆ ಎರಡರಲ್ಲೊಂದು. ಮಾರಾಟಗಾರರು ಇನ್ನೂ ಆ ಬಿಲ್ ತೋರಿಸಿಲ್ಲ, ಅಥವಾ ಬಿಲ್ ನಂಬರ್ ಒಂದು ಕಡೆ `INV/024`, ಇನ್ನೊಂದು ಕಡೆ `INV-24` ಅಂತ ಬಿದ್ದಿದೆ. ಮೊದಲನೆಯದಾದರೆ ಅವರಿಗೆ ಫೋನ್ ಮಾಡಬೇಕು, ಅವರು ತೋರಿಸುವವರೆಗೆ ಕಂಪನಿಗೆ ಆ ಬಿಲ್ಲಿನ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ.

ಹಾಗಾದರೆ 'ಅಡ್ವಾನ್ಸ್ಡ್ ಎಕ್ಸೆಲ್' ಸಾಲಿನಲ್ಲಿ ವಿ-ಲುಕಪ್ ಬೇಕೇಬೇಕು. ಪಿವಟ್ ಬಂದರೆ ಬಾಕಿ ಪಟ್ಟಿ ಮಾಡಲು ಅನುಕೂಲ, ಎರಡು ದಿನದಲ್ಲಿ ಕಲಿಯಬಹುದು. ಮ್ಯಾಕ್ರೊ ಯಾವ ಕೆಲಸಕ್ಕೂ ಬೇಡ. ಜಿಎಸ್‌ಟಿ, ಟಿಡಿಎಸ್ ಸಾಲನ್ನೂ ಹೀಗೆ ಒಡೆಯಿರಿ. ಬಿಲ್ ಮಾಡಲು, ಎಂಟ್ರಿ ಹಾಕಲು ಬೇಕಾದಷ್ಟು ಜಿಎಸ್‌ಟಿ ಕಡ್ಡಾಯ. ₹50,000 ಮೀರಿದ ಸರಕು ಸಾಗಿಸಲು ಇ-ವೇ ಬಿಲ್ ಬೇಕು ಅನ್ನುವುದು ಗೊತ್ತಿರಬೇಕು. ಪಿಎಫ್, ಇಎಸ್‌ಐ ಬಗ್ಗೆ ಕೆಲಸದ ವಿವರದಲ್ಲಿ ಒಂದು ಮಾತೂ ಇಲ್ಲ. ಅದನ್ನು ಬೇರೆಯವರು ನೋಡಿಕೊಳ್ಳುತ್ತಿರಬೇಕು.

ಒಂದು ಫೋನ್ ಮಾಡಿ, ಆದರೆ ಪ್ರಶ್ನೆ ಸರಿಯಾಗಿರಲಿ

ಜಾಹೀರಾತಿನಲ್ಲಿ ನಂಬರ್ ಇದ್ದರೆ ಫೋನ್ ಮಾಡಿ. 'ಸ್ಯಾಪ್ ಕಡ್ಡಾಯನಾ ಮೇಡಂ?' ಅಂತ ಕೇಳಬೇಡಿ. ಎಚ್‌ಆರ್ ಕಡೆಯಿಂದ ಬರುವ ಉತ್ತರ 'ಹೌದು, ಜಾಹೀರಾತಲ್ಲಿ ಹಾಕಿದ್ದೀವಲ್ಲ'. ಅವರ ಎದುರು ಇರುವುದೂ ಅದೇ ಪಟ್ಟಿ. ಅದರ ಬದಲು ಕೆಲಸವನ್ನು ಕೇಳಿ:

'ನಮಸ್ಕಾರ ಮೇಡಂ, ಜೂನಿಯರ್ ಅಕೌಂಟೆಂಟ್ ಪೋಸ್ಟ್ ಬಗ್ಗೆ ಫೋನ್ ಮಾಡಿದೆ. ಸೇರಿದವರು ಮೊದಲ ಎರಡು ಮೂರು ತಿಂಗಳು ಮುಖ್ಯವಾಗಿ ಏನು ನೋಡ್ಕೋಬೇಕಾಗುತ್ತೆ? ಎಂಟ್ರಿ ಎಲ್ಲ ಯಾವುದರಲ್ಲಿ ಮಾಡ್ತೀರಾ, ಟ್ಯಾಲಿಲಾ?'

'ಹೂಂ, ಟ್ಯಾಲಿನೇ. ಎಂಟ್ರಿ, ಬಿಲ್ಲಿಂಗ್ ಬಂದ್ರೆ ಸಾಕು. ಜಿಎಸ್‌ಟಿ ಫೈಲಿಂಗ್ ನಮ್ಮ ಆಡಿಟರ್ ಮಾಡ್ತಾರೆ' ಅಂದರೆ ನಿಮ್ಮ ವಿಂಗಡಣೆ ಸರಿ. 'ಇಲ್ಲಮ್ಮ, ಏಪ್ರಿಲ್‌ನಿಂದ ಸ್ಯಾಪ್‌ಗೆ ಹೋಗ್ತಿದ್ದೀವಿ' ಅಂದರೆ ಪಟ್ಟಿ ತಿದ್ದಿಕೊಳ್ಳಿ. ಹಿಂದಿ ಬೇಕಾ ಅನ್ನುವುದನ್ನೂ ಹೀಗೇ ಕೇಳಿ: 'ಗ್ರಾಹಕರು ಹೆಚ್ಚಾಗಿ ಯಾವ ಕಡೆಯವರು ಮೇಡಂ?'

ಫೋನ್ ನಂಬರ್ ಇಲ್ಲದಿದ್ದರೆ, ಕೆಲಸದ ವಿವರವನ್ನೇ ಕೊಡದೆ ಬರೀ ಕೌಶಲ ಪಟ್ಟಿ ಹಾಕಿದ್ದರೆ, ಬೇರೆ ದಾರಿ ಇದೆ. ಅದೇ ಊರಿನ, ಅದೇ ಗಾತ್ರದ, ಅದೇ ಸಂಬಳದ ಎಂಟು ಹತ್ತು ಜಾಹೀರಾತು ತೆರೆಯಿರಿ. ಬಹುತೇಕ ಎಲ್ಲದರಲ್ಲೂ ಬರುವುದು ಆ ಹುದ್ದೆಯ ತಿರುಳು. ಒಂದೆರಡರಲ್ಲಿ ಮಾತ್ರ ಕಾಣುವುದು ಆಯಾ ಕಂಪನಿಯ ಆಸೆ, ಅಥವಾ ಅವರದೇ ವಿಶೇಷ ಅಗತ್ಯ. ಸಂಬಳದ ಮಟ್ಟ ಒಂದೇ ಇರಬೇಕು ಅನ್ನುವುದನ್ನು ಮರೆಯಬೇಡಿ. ₹5 ಲಕ್ಷದ ಹುದ್ದೆಯ ಪಟ್ಟಿಗೆ ಹೋಲಿಸಿದರೆ ಲೆಕ್ಕವೆಲ್ಲ ತಲೆಕೆಳಗು.

ವಿಂಗಡಿಸಿದ ಮೇಲೆ ಮಾಡಬೇಕಾದ್ದು

ನಮ್ಮ ಮಾದರಿಯಲ್ಲಿ ಕೊನೆಗೆ ಉಳಿದದ್ದು ಬಿ.ಕಾಂ, ಟ್ಯಾಲಿ ಎಂಟ್ರಿ, ಬಿಲ್ ಮತ್ತು ಇ-ವೇ ಬಿಲ್‌ಗೆ ಬೇಕಾದಷ್ಟು ಜಿಎಸ್‌ಟಿ, ಬ್ಯಾಂಕ್ ತಾಳೆ, ವಿ-ಲುಕಪ್, ಫೋನಿನಲ್ಲಿ ಮಾತಾಡುವ ಧೈರ್ಯ, ಗಾಡಿ. ರೆಸ್ಯೂಮೆಯಲ್ಲಿ ಇವು ಮೇಲೆ ಬರಲಿ. ಜಾಹೀರಾತಿನಲ್ಲಿ ಬಳಸಿದ ಪದಗಳಲ್ಲೇ ಬರೆಯಿರಿ, ಯಾಕೆಂದರೆ ಪೋರ್ಟಲ್‌ನಲ್ಲಿ ಹುಡುಕುವವರು ಆ ಪದಗಳನ್ನೇ ಹಾಕಿ ಹುಡುಕುತ್ತಾರೆ. ಸ್ಯಾಪ್ ಗೊತ್ತಿಲ್ಲದಿದ್ದರೆ ಬರೆಯಬೇಡಿ. ಆಸೆಯ ಪಟ್ಟಿಯಲ್ಲಿದ್ದ ಒಂದನ್ನು ಸುಳ್ಳು ಹೇಳಿ ಸೇರಿಸಿದರೆ ಸಂದರ್ಶನದಲ್ಲಿ ಅದರ ಮೇಲೇ ಪ್ರಶ್ನೆ ಬರುತ್ತದೆ, ಬೇಡದ ಕೌಶಲಕ್ಕಾಗಿ ಬೇಕಾದ ಕೆಲಸ ಕೈತಪ್ಪುತ್ತದೆ.

ಟ್ಯಾಲಿಯಲ್ಲಿ ಕೈಪಳಗಿರಬೇಕು ಅಂದದ್ದು ಮಾತ್ರ ನಿಜವಾದ ಬೇಡಿಕೆ. ಸರ್ಟಿಫಿಕೇಟ್ ತೋರಿಸಿದರೆ ಸಾಲದು, ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಟ್ಯಾಲಿ ಪ್ರೈಮ್‌ಗೆ ಎಜುಕೇಶನಲ್ ಮೋಡ್ ಅಂತ ಇದೆ, ಲೈಸೆನ್ಸ್ ಇಲ್ಲದೆ ಉಚಿತವಾಗಿ ಬಳಸಬಹುದು. ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ, ಕಲಿಯಲು ಅಷ್ಟು ಸಾಕು. ಖರೀದಿಗೆ F9, ಮಾರಾಟಕ್ಕೆ F8, ಪಾವತಿಗೆ F5, ಹಣ ಬಂದದ್ದಕ್ಕೆ F6, ನಗದನ್ನು ಬ್ಯಾಂಕಿಗೆ ಹಾಕಿದರೆ ಕಾಂಟ್ರಾ, ಅದಕ್ಕೆ F4. ಇವು ಕೈಗೆ ಬಂದಿರಬೇಕು.

ಸಂದರ್ಶನದಲ್ಲಿ ಕೇಳುವುದೂ ಇಂಥದ್ದೇ. ತುಮಕೂರಿನಿಂದ ₹10,000ದ ಮಾಲು, 18% ಜಿಎಸ್‌ಟಿ. ಎಂಟ್ರಿ ಹೇಗೆ? ಕರ್ನಾಟಕದೊಳಗೇ ಆದ್ದರಿಂದ ಸಿಜಿಎಸ್‌ಟಿ ₹900, ಎಸ್‌ಜಿಎಸ್‌ಟಿ ₹900. ಅದೇ ಮಾಲು ಹೊಸೂರಿನಿಂದ ಬಂದರೆ? ಹೊಸೂರು ಬೆಂಗಳೂರಿಗೆ ತುಮಕೂರಿಗಿಂತ ಹತ್ತಿರ, ಆದರೆ ತಮಿಳುನಾಡು. ಐಜಿಎಸ್‌ಟಿ ₹1,800. ಇದನ್ನು ತಡವರಿಸದೆ ಹೇಳಿದ ಹುಡುಗಿಗೆ ಪವರ್ ಬಿಐ ಬರುತ್ತಾ ಅಂತ ಯಾವ ಮ್ಯಾನೇಜರೂ ತಲೆಕೆಡಿಸಿಕೊಳ್ಳುವುದಿಲ್ಲ.

ಉಳಿದ ಪಟ್ಟಿಯಲ್ಲೂ ಒಂದು ಕೌಶಲ ನಿಮ್ಮಲ್ಲಿ ಇಲ್ಲ ಅಂದುಕೊಳ್ಳಿ. ಬ್ಯಾಂಕ್ ತಾಳೆ ಅಥವಾ ವಿ-ಲುಕಪ್ ಆದರೆ ಒಂದು ವಾರ ಕೂತು ಕಲಿತು ಅರ್ಜಿ ಹಾಕಿ. ಟ್ಯಾಲಿಯೇ ಬರುವುದಿಲ್ಲ ಅಂದರೆ ಈ ಜಾಹೀರಾತನ್ನು ಬಿಡಿ, ಟ್ಯಾಲಿ ಕಲಿತು ಮುಂದಿನದಕ್ಕೆ ಹಾಕಿ.

ಈ ಲೆಕ್ಕ ನಡೆಯದ ಕಡೆ

ದೊಡ್ಡ ಕಂಪನಿಗಳ ಲೆಕ್ಕಪತ್ರವನ್ನು ಬೆಂಗಳೂರಿನಲ್ಲಿ ಕೂತು ನೋಡಿಕೊಳ್ಳುವ ಕೇಂದ್ರಗಳಲ್ಲಿ ಎಲ್ಲ ತಲೆಕೆಳಗಾಗುತ್ತದೆ. ಅಲ್ಲಿ ಸ್ಯಾಪ್‌ನಂಥದ್ದೇ ನಿಜವಾದ ಸಾಫ್ಟ್‌ವೇರ್, ಟ್ಯಾಲಿಗೆ ಕೆಲಸವಿಲ್ಲ. ಆದರೂ ಫ್ರೆಶರ್‌ಗೆ ಸ್ಯಾಪ್ ಅನ್ನು ಸಾಮಾನ್ಯವಾಗಿ ಸೇರಿದ ಮೇಲೆ ಅವರೇ ಕಲಿಸುತ್ತಾರೆ. ಬಿಡದೆ ನೋಡುವುದು ಇಂಗ್ಲಿಷ್ ಇಮೇಲ್, ಮಾತು, ಮತ್ತು ರಾತ್ರಿ ಪಾಳಿಗೆ ಒಪ್ಪಿಗೆ. ಪೀಣ್ಯದ ಜಾಹೀರಾತಿನಲ್ಲಿ ಶೋಭೆಗೆ ಇದ್ದ 'ಉತ್ತಮ ಇಂಗ್ಲಿಷ್' ಅಲ್ಲಿ ಬಾಗಿಲಿನ ಸಾಲು.

ಸರ್ಕಾರಿ ಅಧಿಸೂಚನೆಯಲ್ಲಂತೂ ಊಹೆಗೆ ಜಾಗವೇ ಇಲ್ಲ. ಕಡ್ಡಾಯ ವಿದ್ಯಾರ್ಹತೆ ಅಂತ ಬರೆದದ್ದು ಅಕ್ಷರಶಃ ಕಡ್ಡಾಯ. ಅಪೇಕ್ಷಣೀಯ ಅಂತ ಇದ್ದರೆ ಅದನ್ನು ಬೇರೆಯಾಗಿಯೇ ಹೇಳಿರುತ್ತಾರೆ. ಅರ್ಹತೆ ಯಾವ ತಾರೀಕಿಗೆ ಇರಬೇಕು ಅನ್ನುವುದನ್ನೂ ನೋಡಿ. ಅರ್ಜಿಯ ಕೊನೆಯ ದಿನಕ್ಕೆ ಅಂತ ಇದ್ದು, ನಿಮ್ಮ ಕೊನೆಯ ಸೆಮಿಸ್ಟರ್ ಫಲಿತಾಂಶ ಆಮೇಲೆ ಬರುವುದಾದರೆ, ಆ ಹುದ್ದೆಗೆ ಅರ್ಜಿ ಶುಲ್ಕ ಕಟ್ಟುವ ಮೊದಲು ಯೋಚಿಸಿ.